‘ಯೋಚನೆ ಮಾಡಿ ಹೇಳ್ತೀನಿ’ ಅಂದಾಗ

ಡೆಮೊ ಮುಗಿಯಿತು. ಗ್ರಾಹಕರು ಕುರ್ಚಿಗೆ ಒರಗಿ, “ಚೆನ್ನಾಗಿದೆ. ಯೋಚನೆ ಮಾಡಿ ಹೇಳ್ತೀನಿ” ಅಂದರು. ಹೊಸದಾಗಿ ಮಾರಾಟಕ್ಕೆ ಇಳಿದಾಗ ಈ ಮಾತು ಕೇಳಿದ ಕೂಡಲೇ ನಾನು ರೇಟು ಇಳಿಸುತ್ತಿದ್ದೆ. “ಇವತ್ತೇ ಹೇಳಿದ್ರೆ ಹತ್ತು ಪರ್ಸೆಂಟ್ ಕಮ್ಮಿ ಮಾಡ್ತೀನಿ ಸರ್.” ಅವರು ರೇಟಿನ ಮಾತೇ ಎತ್ತಿರಲಿಲ್ಲ. ‘ಕೇಳದೇ ಇಷ್ಟು ಬಿಡ್ತಾನೆ ಅಂದ್ರೆ ಕೇಳಿದ್ರೆ ಇನ್ನೆಷ್ಟು ಬಿಡಬಹುದು’ ಅನ್ನುವ ಲೆಕ್ಕ ಅವರ ತಲೆಯಲ್ಲಿ ಶುರುವಾಗುತ್ತಿತ್ತು, ಅಷ್ಟೇ.

ಈ ಒಂದು ಮಾತಿನ ಹಿಂದೆ ಬೇರೆ ಬೇರೆ ಸಂಗತಿಗಳು ಇರುತ್ತವೆ. ಯಾವುದೋ ಒಂದು ಅನುಮಾನ ಉಳಿದಿರಬಹುದು. ಮನೆಯವರನ್ನೋ ಪಾಲುದಾರರನ್ನೋ ಕೇಳಬೇಕಿರಬಹುದು. ಅಥವಾ ‘ಬೇಡ’ ಅಂತ ಮುಖಕ್ಕೆ ಹೇಳಲು ಸಂಕೋಚ ಇರಬಹುದು. ಯಾವುದು ಅಂತ ಗೊತ್ತಾಗದೆ ಏನು ಉತ್ತರ ಕೊಟ್ಟರೂ ಅದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಒಂದು ಸಲ ಬಿಡಿಭಾಗಗಳ ಸಗಟು ವ್ಯಾಪಾರಿಯೊಬ್ಬರಿಗೆ ಗೋದಾಮಿನ ದಾಸ್ತಾನು ಲೆಕ್ಕ ಇಡುವ ಸಾಫ್ಟ್‌ವೇರ್ ತೋರಿಸಿದ್ದೆ. ಅವರೂ ಇದೇ ಮಾತು ಹೇಳಿದರು. ನಾನು, “ಖಂಡಿತ ಯೋಚನೆ ಮಾಡಿ ಸರ್, ಇದು ಸಣ್ಣ ವಿಷಯ ಅಲ್ಲ” ಅಂದೆ. ಲ್ಯಾಪ್‌ಟಾಪ್ ಮುಚ್ಚಿದೆ. ಇದು ಸುಮ್ನೆ ಮಾಡಿದ ಕೆಲಸ ಅಲ್ಲ. ಪರದೆ ತೆರೆದೇ ಇದ್ದರೆ ‘ಇವನು ಇನ್ನೂ ಮಾರುತ್ತಿದ್ದಾನೆ’ ಅಂತ ಅವರು ಬಿಗಿಯಾಗಿಯೇ ಕೂತಿರುತ್ತಾರೆ. ಆಮೇಲೆ ಕೇಳಿದೆ: “ಯಾವ ವಿಷಯ ಇನ್ನೂ ಮನಸ್ಸಿಗೆ ಕೂತಿಲ್ಲ ಅಂತ ಹೇಳಿದ್ರೆ, ಅದಕ್ಕೆ ಬೇಕಾದ ಮಾಹಿತಿ ಕೊಟ್ಟು ಹೋಗ್ತೀನಿ.”

ಕೇಳಿ ಬಾಯಿ ಮುಚ್ಚಿಕೊಂಡೆ. ಇಲ್ಲೇ ಜಾಸ್ತಿ ಜನ ಎಡವುವುದು. ನಾಲ್ಕು ಸೆಕೆಂಡಿನ ಮೌನ ತಡೆಯಲಾಗದೆ “ರೇಟಾ ಸರ್?” ಅಂತ ನಾವೇ ಉತ್ತರ ಹೇಳಿಕೊಡುತ್ತೇವೆ. ಅವರೂ “ಹೂಂ, ಅದೇ” ಅಂದು ತಪ್ಪಿಸಿಕೊಳ್ಳುತ್ತಾರೆ.

ನಾನು ಹೇಳಿಕೊಡದಿದ್ದರೂ ಇವರು “ರೇಟು ಸ್ವಲ್ಪ ಜಾಸ್ತಿ” ಅಂದರು. ಮೊದಲು ಬರುವ ಕಾರಣ ಹಲವು ಸಲ ಹೇಳಲು ಸುಲಭವಾದ ಕಾರಣ ಆಗಿರುತ್ತದೆ. ಅದಕ್ಕೆ ಇನ್ನೊಂದು ಪ್ರಶ್ನೆ: “ರೇಟು ಸರಿಹೋಯ್ತು ಅಂತಲೇ ಇಟ್ಟುಕೊಳ್ಳೋಣ. ಆಗ ಶುರು ಮಾಡಬಹುದಾ, ಇಲ್ಲಾ ಇನ್ನೇನಾದ್ರೂ ಉಳಿಯುತ್ತಾ?” ರೇಟೇ ಕಾರಣವಾಗಿದ್ದರೆ ತಕ್ಷಣ “ಶುರು ಮಾಡೋಣ” ಅನ್ನುತ್ತಾರೆ. ಇವರು ಸ್ಟೋರ್ ರೂಮಿನ ಕಡೆ ನೋಡಿದರು. “ಸ್ಟೋರ್ ನೋಡ್ಕೊಳ್ಳೋರು ಹಳಬರು, ಪುಸ್ತಕದಲ್ಲೇ ಬರೀತಾರೆ. ಹಿಂದೆ ಇಂಥದ್ದೇ ಒಂದು ತಂದು ಮೂರೇ ತಿಂಗಳಿಗೆ ಬಿಟ್ಟುಬಿಟ್ವಿ.”

ಈ ಭಯಕ್ಕೆ ಡಿಸ್ಕೌಂಟ್ ಮದ್ದಲ್ಲ. ಅದಕ್ಕೆ ಇಡೀ ಗೋದಾಮಿನ ಮಾತು ಬಿಟ್ಟು, ಜಾಸ್ತಿ ಓಡುವ 200 ಐಟಂ ಮಾತ್ರ ಎರಡು ವಾರ ಹಾಕಿ ನೋಡೋಣ ಅಂದೆ. ಪುಸ್ತಕವೂ ನಡೆಯಲಿ. ಕೊನೆಗೆ ಕಪಾಟಿನಲ್ಲಿರುವ ಮಾಲು ಎಣಿಸೋಣ. ಪರದೆಯ ಲೆಕ್ಕ ತಾಳೆಯಾದರೆ ಮುಂದಿನ ಮಾತು. “ಗುರುವಾರ 11 ಗಂಟೆಗೆ ಬರಲಾ? ಸ್ಟೋರಿನವರೂ ಇರಲಿ. ಅಷ್ಟರಲ್ಲಿ ಬೇಡ ಅನ್ನಿಸಿದ್ರೆ ಹಾಗೇ ಒಂದು ಮೆಸೇಜ್ ಹಾಕಿ, ನನಗೆ ಬೇಜಾರಿಲ್ಲ.” ಕೊನೆಯ ವಾಕ್ಯ ಬಾಯಿಮಾತಿಗೆ ಹೇಳುವುದಲ್ಲ. ‘ಬೇಡ’ ಅನ್ನಲು ದಾರಿ ಇದ್ದಾಗಲೇ ಜನ ಮನಸ್ಸಿನಲ್ಲಿದ್ದದ್ದನ್ನು ಹೇಳುವುದು.

ದಿನ ಮತ್ತು ಹೊತ್ತು ಗೊತ್ತು ಮಾಡದೆ ಎದ್ದು ಬಂದರೆ ಉಳಿಯುವುದು “ಏನಾಯ್ತು ಸರ್?” ಅನ್ನುವ ಫೋನ್ ಮಾತ್ರ. ಅದು ಅವರ ಕಿವಿಗೆ ಸಾಲ ವಸೂಲಿಯ ಹಾಗೆ ಕೇಳಿಸುತ್ತದೆ. ನಾನು ಅದೇ ಸಂಜೆ ಮೂರು ಸಾಲು ಕಳಿಸುತ್ತೇನೆ: ಅವರ ಅನುಮಾನ ಅವರದೇ ಮಾತಿನಲ್ಲಿ, ಅದಕ್ಕೆ ನಾನು ಮಾಡಲಿರುವ ಕೆಲಸ, ಮತ್ತೆ ಸಿಗುವ ದಿನ. ಪಾಲುದಾರರನ್ನು ಕೇಳಬೇಕು ಅನ್ನುವವರಿಗೆ ಈ ಮೂರು ಸಾಲು ಇನ್ನೂ ಮುಖ್ಯ. ನಾನಿಲ್ಲದ ಕೋಣೆಯಲ್ಲಿ ನನ್ನ ಪರವಾಗಿ ಮಾತಾಡುವುದು ಅದೇ ಅಲ್ವಾ.

ಗುರುವಾರ ಸ್ಟೋರಿನವರು ಕೈಕಟ್ಟಿ ನಿಂತಿದ್ದರು. ಹತ್ತು ನಿಮಿಷ ಆದ ಮೇಲೆ, “ವಾಪಸ್ ಬಂದ ಮಾಲು ಎಲ್ಲಿ ಹಾಕೋದು?” ಅಂದರು. ಆ ಪ್ರಶ್ನೆ ಬಂದ ಮೇಲೆ ಮಾಲೀಕರು ರೇಟಿನ ಮಾತು ಮತ್ತೆ ಎತ್ತಲಿಲ್ಲ. ಎರಡು ವಾರ ಅಂದದ್ದು ಮೂರು ವಾರ ಆಯಿತು, ಎಣಿಕೆಯಲ್ಲಿ ನಾಲ್ಕು ಐಟಂ ತಪ್ಪಿತ್ತು. ಮೂರು ಪುಸ್ತಕದ ತಪ್ಪು, ಒಂದು ನಮ್ಮದು. ನಮ್ಮದನ್ನು ಮೊದಲು ಒಪ್ಪಿಕೊಂಡೆ. ಆಮೇಲೆ ಆರ್ಡರ್ ಆಯಿತು.

ಎಲ್ಲರ ಹತ್ತಿರವೂ ಹೀಗೆ ಆಗುವುದಿಲ್ಲ. ಪ್ರಶ್ನೆ ಕೇಳಿದರೂ “ಹಾಗೇನಿಲ್ಲ, ನೋಡೋಣ” ಅಂತ ತೇಲಿಸಿದರೆ, ದಿನವನ್ನು ಎರಡು ಸಲ ಮುಂದೆ ಹಾಕಿದರೆ, ನನ್ನ ಲೆಕ್ಕದಲ್ಲಿ ಅದು ‘ಬೇಡ’. ಆಗ ಒಂದೇ ಮೆಸೇಜ್ ಹಾಕುತ್ತೇನೆ: “ಸದ್ಯಕ್ಕೆ ಇದು ನಿಮಗೆ ಬೇಡ ಅಂತ ಅಂದುಕೊಂಡು ಫೈಲ್ ಮುಚ್ಚುತ್ತಿದ್ದೇನೆ. ತಪ್ಪಾಗಿದ್ದರೆ ತಿಳಿಸಿ.” ಕೆಲವರು ಆಗ ಫೋನ್ ಮಾಡುತ್ತಾರೆ. ಉಳಿದವರಿಗೆ ನಾನು ಮತ್ತೆ ಫೋನ್ ಮಾಡುವುದಿಲ್ಲ.