ರಾತ್ರಿ ಲೈವ್ ನೋಡಿದ ಆಟ ಬೆಳಿಗ್ಗೆ ಎಲ್ಲಿ ಹೋಯ್ತು?

ಪ್ರಶ್ನೆ: ನಮ್ಮೂರ ಯಕ್ಷಗಾನವನ್ನು ಯೂಟ್ಯೂಬ್‌ನಲ್ಲಿ ಲೈವ್ ಹಾಕಿದ್ದರು. ಬೆಳಿಗ್ಗೆ ನೋಡಿದರೆ ವಿಡಿಯೋನೇ ಇಲ್ಲ. ಸಂಜೆ ಬಂತು, ಆದರೆ ಚಾಟ್ ಮಾಯ! ಯಾರಾದರೂ ಅಳಿಸಿದ್ದಾರಾ?

ಬೇಕಂತಲೇ ಅಳಿಸಿರುವ ಸಾಧ್ಯತೆ ಕಡಿಮೆ. ವಿಡಿಯೋ ತಡವಾಗಿ ಬಂದದ್ದಕ್ಕೆ ಒಂದು ಕಾರಣ, ಚಾಟ್ ಹೋದದ್ದಕ್ಕೆ ಬೇರೆಯೇ ಕಾರಣ ಇರಬಹುದು.

ಲೈವ್ ಮುಗಿದ ತಕ್ಷಣ ರೆಕಾರ್ಡಿಂಗ್ ತಯಾರಾಗಿರುವುದಿಲ್ಲ. ಯೂಟ್ಯೂಬ್ ಅದನ್ನು ಪ್ರೊಸೆಸ್ ಮಾಡಬೇಕು, ಇಡೀ ರಾತ್ರಿಯ ಆಟ ಅಂದರೆ ಅದಕ್ಕೆ ಜಾಸ್ತಿ ಹೊತ್ತು ಬೇಕು. ಹಾಗಾಗಿ ಸಂಜೆಗೆ ಬಂದದ್ದರಲ್ಲಿ ವಿಶೇಷ ಏನಿಲ್ಲ. ಬರದೇ ಹೋಗಿದ್ದರೆ ನಾನು ಮೊದಲು ಕೇಳುತ್ತಿದ್ದದ್ದು, ಲೈವ್ ಒಟ್ಟು ಎಷ್ಟು ಗಂಟೆ ಓಡಿತು ಅಂತ. 12 ಗಂಟೆಯೊಳಗಿನ ಲೈವ್ ಮಾತ್ರ ತಾನಾಗಿ ಉಳಿಯುತ್ತದೆ. ಆಟ ಒಂಬತ್ತು ಗಂಟೆಯದ್ದೇ ಇರಬಹುದು, ಆದರೆ ಸಂಜೆ ಐದೂವರೆಗೆ ಟೆಸ್ಟಿಂಗ್ ಅಂತ ಲೈವ್ ಶುರು ಮಾಡಿ, ಬೆಳಿಗ್ಗೆ ಆರಕ್ಕೆ ಮಂಗಳ ಆಗಿ, ವೇಷದವರು ಚೌಕಿಗೆ ಹೋಗಿ ಬಣ್ಣ ತೆಗೆಯುವವರೆಗೂ ಖಾಲಿ ರಂಗಸ್ಥಳವನ್ನೇ ತೋರಿಸುತ್ತಾ ಕೂತರೆ ಲೆಕ್ಕ 12 ದಾಟಿತಲ್ವಾ! ಮಧ್ಯರಾತ್ರಿ ಒಮ್ಮೆ ನಿಲ್ಲಿಸಿ ಎರಡನೇ ಭಾಗ ಅಂತ ಹೊಸ ಲೈವ್ ಶುರು ಮಾಡಿದರೆ ಈ ತಾಪತ್ರಯ ಇಲ್ಲ.

ಇನ್ನೊಂದು ಸಾಧ್ಯತೆ, ಸೆಟ್ಟಿಂಗ್‌ನಲ್ಲಿ `Unlist live replay once stream ends` ಆನ್ ಇರುವುದು. ಆಗ ಚಾನೆಲ್‌ನಲ್ಲಿ ಹುಡುಕಿದರೆ ಸಿಗಲ್ಲ, ಆದರೆ ರಾತ್ರಿ ವಾಟ್ಸಾಪ್‌ನಲ್ಲಿ ಬಂದ ಹಳೇ ಲಿಂಕ್ ಒತ್ತಿದರೆ ವಿಡಿಯೋ ತೆರೆಯುತ್ತದೆ. ಪ್ರೈವೇಟ್ ಮಾಡಿದ್ದರೆ ಲಿಂಕೂ ತೆರೆಯಲ್ಲ.

ಈಗ ಚಾಟ್ ವಿಷಯ. ಚಾಟ್ ರೀಪ್ಲೇ ವಿಡಿಯೋದ ಜೊತೆಗೇ, ಅದೇ ಹೊತ್ತಿನ ಲೆಕ್ಕದಲ್ಲಿ ಓಡುತ್ತದೆ. ಭಾಗವತರ ಪದಕ್ಕೆ ದುಬೈನಿಂದ ಯಾರೋ ಮೂರನೇ ಗಂಟೆಯಲ್ಲಿ ಚಪ್ಪಾಳೆ ಕಳಿಸಿದ್ದರೆ ರೀಪ್ಲೇಯಲ್ಲೂ ಅದು ಅಲ್ಲೇ ಬರಬೇಕು. ಚಾನೆಲ್‌ನವರು ಯೂಟ್ಯೂಬ್ ಎಡಿಟರ್‌ನಲ್ಲಿ ಶುರುವಿನ ಖಾಲಿ ಅರ್ಧ ಗಂಟೆ ಕತ್ತರಿಸಿದರೆ ಆ ಲೆಕ್ಕ ಕೂಡಲ್ಲ, ಚಾಟ್ ರೀಪ್ಲೇ ಹೋಗುತ್ತದೆ. ನಿಮ್ಮ ವಿಡಿಯೋ ತೆರೆದ ಕೂಡಲೇ ಪದ್ಯ ಶುರುವಾಗುತ್ತದಾ? ಹಾಗಿದ್ದರೆ ನನ್ನ ಅನುಮಾನ ಇದರ ಮೇಲೆಯೇ. ಕತ್ತರಿಸದಿದ್ದರೂ ಸೆಟ್ಟಿಂಗ್‌ನಲ್ಲಿ ಚಾಟ್ ರೀಪ್ಲೇ ಆಫ್ ಇದ್ದರೆ ಕಾಣಲ್ಲ.

ಕತ್ತರಿಸುವ ಬದಲು ವಿವರಣೆಯಲ್ಲಿ ಪ್ರಸಂಗ ಯಾವ ನಿಮಿಷಕ್ಕೆ ಶುರು ಅಂತ ಬರೆದರೆ ಸಾಕು. ಒತ್ತಿದವರು ನೇರ ಅಲ್ಲಿಗೇ ಹೋಗುತ್ತಾರೆ, ಚಾಟೂ ಉಳಿಯುತ್ತದೆ.

ಲೈವ್ ಹಾಕುವವರಿಗೆ ಒಂದು ಮಾತು: ಲೈವ್ ಕಳಿಸಲು ಬಳಸುವ ಓಬಿಎಸ್ ಸಾಫ್ಟ್‌ವೇರ್‌ನಲ್ಲಿ `Start Streaming` ಒತ್ತಿದರೆ ಸಾಮಾನ್ಯವಾಗಿ ಸುಮ್ನೆ ಲೈವ್ ಹೋಗುತ್ತದೆ ಅಷ್ಟೇ, ಕಂಪ್ಯೂಟರಿನಲ್ಲಿ ಏನೂ ಉಳಿಯಲ್ಲ. `Start Recording` ಕೂಡ ಒತ್ತಿ. 6000 ಕೆಬಿಪಿಎಸ್‌ನಲ್ಲಿ ಗಂಟೆಗೆ ಸುಮಾರು 2.7 ಜಿಬಿ, ಒಂಬತ್ತು ಗಂಟೆಗೆ 25 ಜಿಬಿ ಹತ್ತಿರ ಜಾಗ ಬೇಕು. ಫೈಲ್ ಎಂಕೆವಿ ಫಾರ್ಮ್ಯಾಟ್‌ನಲ್ಲಿ ಇಡಿ, ನಡುವೆ ಕರೆಂಟ್ ಹೋದರೂ ಅಲ್ಲಿಯವರೆಗಿನದ್ದು ಸಾಮಾನ್ಯವಾಗಿ ಕೈಗೆ ಸಿಗುತ್ತದೆ.