ಅನುಪಾತ ಪರೀಕ್ಷೆ ಬಾಯಿಬಿಡದ ಎರಡು ಬಿಂದುಗಳು

ಈ ಘಾತ ಶ್ರೇಣಿಯನ್ನು ನೋಡಿ:

(x−2)/3 + (x−2)²/(2·3²) + (x−2)³/(3·3³) + …

ಇದರ n-ನೇ ಪದ (x−2)ⁿ/(n·3ⁿ). x-ಗೆ ಒಂದು ಬೆಲೆ ಕೊಟ್ಟು ಪದಗಳನ್ನು ಕೂಡುತ್ತ ಹೋದಾಗ ಮೊತ್ತ ಒಂದು ಸಂಖ್ಯೆಯ ಹತ್ತಿರ ಬಂದು ನೆಲೆನಿಂತರೆ ಶ್ರೇಣಿ ಅಭಿಸರಿಸುತ್ತದೆ, ಇಲ್ಲವಾದರೆ ಅಪಸರಿಸುತ್ತದೆ. x = 2 ಆದಾಗ ಪದಗಳೆಲ್ಲ ಸೊನ್ನೆ, ತಕರಾರೇ ಇಲ್ಲ. ಆ 2-ರಿಂದ ಎಡಕ್ಕೂ ಬಲಕ್ಕೂ ಎಷ್ಟು ದೂರದವರೆಗೆ ಸರಿದರೂ ಶ್ರೇಣಿ ಕೈಕೊಡುವುದಿಲ್ಲವೋ ಆ ದೂರವೇ ಅಭಿಸರಣ ತ್ರಿಜ್ಯ.

ಅದನ್ನು ಹುಡುಕಲು ಒಂದು ಪದವನ್ನು ಅದರ ಹಿಂದಿನ ಪದದಿಂದ ಭಾಗಿಸಿ, ಚಿಹ್ನೆ ಬಿಟ್ಟು ಬರೀ ಪರಿಮಾಣ ನೋಡಬೇಕು. ಇದೇ ಅನುಪಾತ ಪರೀಕ್ಷೆ. ಇಲ್ಲಿ (n+1)-ನೇ ಪದವನ್ನು n-ನೇ ಪದದಿಂದ ಭಾಗಿಸಿದರೆ ಹೆಚ್ಚಿನದೆಲ್ಲ ಹೊಡೆದುಹೋಗಿ ಉಳಿಯುವುದು

|x−2|/3 · n/(n+1)

n ದೊಡ್ಡದಾದಂತೆ n/(n+1) ಒಂದಕ್ಕೆ ಹತ್ತಿರವಾಗುತ್ತದೆ. ಹಾಗಾಗಿ ಮಿತಿ |x−2|/3. ಇದು 1-ಕ್ಕಿಂತ ಕಡಿಮೆಯಿದ್ದರೆ ಶ್ರೇಣಿ ಅಭಿಸರಿಸುತ್ತದೆ, ಹೆಚ್ಚಿದ್ದರೆ ಅಪಸರಿಸುತ್ತದೆ. ಅಂದರೆ |x−2| < 3. ತ್ರಿಜ್ಯ 3, ಸದ್ಯಕ್ಕೆ ಸಿಕ್ಕ ಅಂತರ −1 < x < 5.

ಮಿತಿಯನ್ನೇ ಏಕೆ ನೋಡಬೇಕು, ಮೊದಲ ನಾಲ್ಕು ಪದ ನೋಡಿದರೆ ಸಾಲದೇ? x = 6 ಇಟ್ಟು ನೋಡಿ. ಪದಗಳು 1.333, 0.889, 0.790, 0.790 ಎಂದು ಇಳಿಯುತ್ತ ಬಂದು ಪಳಗಿದಂತೆ ಕಾಣುತ್ತವೆ. ಐದನೆಯದು 0.843. ಅಲ್ಲಿಂದ ಏರಿಕೆ ಶುರು, ಇಪ್ಪತ್ತನೆಯ ಪದ 15-ನ್ನೂ ದಾಟಿರುತ್ತದೆ. ಪದಗಳೇ ಹೀಗೆ ಬೆಳೆಯುವಾಗ ಮೊತ್ತ ನೆಲೆ ನಿಲ್ಲುವ ಮಾತೆಲ್ಲಿ?

ಇನ್ನು ತುದಿಗಳು. ಅಂಕ ಹೆಚ್ಚು ಕಳೆದುಹೋಗುವುದು ಇಲ್ಲೇ. x = 5 ಅಥವಾ x = −1 ಆದಾಗ |x−2|/3 ಸರಿಯಾಗಿ 1. ಅನುಪಾತ ಪರೀಕ್ಷೆ ನಮ್ಮ ಶ್ರೇಣಿಯನ್ನು ಗುಣೋತ್ತರ ಶ್ರೇಣಿಯೊಂದಿಗೆ ಹೋಲಿಸಿ ತೀರ್ಪು ಕೊಡುವಂಥದ್ದು. ಮಿತಿ 1 ಆದರೆ ಹೋಲಿಸಲು ಏನೂ ಉಳಿಯದು, ಹಾಗಾಗಿ ಅದು ಸುಮ್ಮನಾಗುತ್ತದೆ. ತುದಿಯಲ್ಲಿ ಮತ್ತೆ ಅದನ್ನೇ ಹಚ್ಚುವುದು ವ್ಯರ್ಥ ಶ್ರಮ. x-ನ ಬೆಲೆಯನ್ನು ಮೂಲ ಶ್ರೇಣಿಯಲ್ಲೇ ಹಾಕಿ ಬೇರೆ ದಾರಿಯಿಂದ ನೋಡಬೇಕು.

x = 5 ಹಾಕಿದರೆ 3ⁿ ಹೊಡೆದುಹೋಗಿ 1 + 1/2 + 1/3 + 1/4 + … ಉಳಿಯುತ್ತದೆ. ಕ್ಯಾಲ್ಕುಲೇಟರ್ ನಂಬಿದರೆ ಇಲ್ಲಿ ಮೋಸ ಹೋಗುತ್ತೀರಿ: ಸಾವಿರ ಪದ ಕೂಡಿದರೂ ಮೊತ್ತ ಸುಮಾರು 7.49, ಹತ್ತು ಲಕ್ಷ ಪದಕ್ಕೆ ಸುಮಾರು 14.39. ನಿಂತೇ ಹೋಯಿತೇನೋ ಅನ್ನಿಸುತ್ತದೆ. ಆದರೆ 1/3 + 1/4 ಅರ್ಧಕ್ಕಿಂತ ಹೆಚ್ಚು. 1/5-ರಿಂದ 1/8-ರವರೆಗಿನ ನಾಲ್ಕು ಪದಗಳ ಮೊತ್ತವೂ ಅರ್ಧಕ್ಕಿಂತ ಹೆಚ್ಚು. ಮುಂದಿನ ಎಂಟರದ್ದೂ ಹಾಗೇ. ಅರ್ಧರ್ಧ ಸೇರುತ್ತಲೇ ಹೋಗುವುದರಿಂದ ಮೊತ್ತಕ್ಕೆ ಮೇಲ್ಮಿತಿಯೇ ಇಲ್ಲ. 5 ಹೊರಗೆ.

x = −1 ಹಾಕಿದರೆ −1 + 1/2 − 1/3 + 1/4 − … ಬರುತ್ತದೆ. ಚಿಹ್ನೆ ಒಂದು ಬಿಟ್ಟು ಒಂದು ಬದಲಾಗುತ್ತದೆ, ಪದಗಳ ಗಾತ್ರ ತಪ್ಪದೆ ಇಳಿದು ಸೊನ್ನೆಗೆ ಹೋಗುತ್ತದೆ. ಲೈಬ್ನಿಟ್ಸ್ ನಿಯಮಕ್ಕೆ ಇಷ್ಟು ಸಾಕು. ಮೊತ್ತಗಳು −1, −0.5, −0.833, −0.583 ಎಂದು ಆಚೀಚೆ ಜೀಕುತ್ತ, ಜೀಕು ಕಿರಿದಾಗುತ್ತ, ಸುಮಾರು −0.693-ಕ್ಕೆ ಬಂದು ಸೇರುತ್ತವೆ. −1 ಒಳಗೆ. ಉತ್ತರ: [−1, 5).

ಒಂದು ತುದಿಯ ತೀರ್ಪನ್ನು ಇನ್ನೊಂದಕ್ಕೆ ನಕಲು ಮಾಡಬಾರದು ಎನ್ನುವುದಕ್ಕೆ ಇದೇ ಸಾಕ್ಷಿ. ಛೇದದ n-ನ್ನು n² ಮಾಡಿದರೆ ತ್ರಿಜ್ಯ 3 ಆಗಿಯೇ ಇದ್ದು ಎರಡೂ ತುದಿಗಳು ಒಳಗೆ ಬರುತ್ತವೆ. n-ನ್ನು ತೆಗೆದೇಬಿಟ್ಟರೆ ಎರಡೂ ಹೊರಗೆ.

ಘಾತಗಳು ಒಂದೊಂದು ಬಿಟ್ಟು ಬರುವ ಶ್ರೇಣಿಗಳಲ್ಲಿ ಇನ್ನೊಂದು ಎಡವಟ್ಟು ಕಾದಿರುತ್ತದೆ. n-ನೇ ಪದ x²ⁿ/9ⁿ ಆಗಿದ್ದರೆ ಅನುಪಾತ x²/9. ತ್ರಿಜ್ಯ 9 ಎಂದು ಬರೆದವರು ವರ್ಗಮೂಲ ಮರೆತಿದ್ದಾರೆ, ಅದು 3. ಕೇರಳದ ಮಾಧವನ ಹೆಸರಿನಲ್ಲಿ ಪ್ರಸಿದ್ಧವಾದ x − x³/3 + x⁵/5 − … ಕೂಡ ಇದೇ ಬಗೆಯದು. ಅಲ್ಲಿ ಅನುಪಾತದ ಮಿತಿ x², ತ್ರಿಜ್ಯ 1, ಎರಡೂ ತುದಿಗಳು ಒಳಗೆ. x = 1 ಎಂಬ ತುದಿಯಲ್ಲಿ ಮೊತ್ತ π/4 ಆಗುತ್ತದೆ ನಿಜ, ಆದರೆ ಸಾವಿರ ಪದ ಕೂಡಿದರೂ ಅದನ್ನು ನಾಲ್ಕರಿಂದ ಗುಣಿಸಿದ π-ಯಲ್ಲಿ ಸುಮಾರು 0.001-ರಷ್ಟು ತಪ್ಪು ಉಳಿದಿರುತ್ತದೆ. ತುದಿ ಬಿಟ್ಟು ಒಳಗೆ ಸರಿದು x = 1/√3 ಇಟ್ಟರೆ ಪ್ರತಿ ಪದವೂ ಹಿಂದಿನದರ ಮೂರನೇ ಒಂದಕ್ಕಿಂತ ಚಿಕ್ಕದು; ಆಗ ಮೊತ್ತ π/6, 21 ಪದ ಕೂಡಿ ಆರರಿಂದ ಗುಣಿಸಿದರೆ π-ಯ ಹತ್ತು ದಶಮಾಂಶ ಸ್ಥಾನಗಳು ಸಿಗುತ್ತವೆ.