ಪಕ್ಕದ ಬಡಾವಣೆಯಲ್ಲಿ ಸಿಗುವ ಸಾಮಾನು ನಮಗೇಕೆ ಸಿಗುವುದಿಲ್ಲ?

ಪ್ರಶ್ನೆ: ನಮ್ಮ ಮನೆ ಜಯನಗರದಲ್ಲಿ. ನನಗೆ ಬೇಕಾದ ಸಿರಿಧಾನ್ಯದ ಶ್ಯಾವಿಗೆ ಹತ್ತು ನಿಮಿಷದ ಡೆಲಿವರಿ ಆ್ಯಪ್‌ನಲ್ಲಿ ಕಾಣುವುದೇ ಇಲ್ಲ. ಕೋರಮಂಗಲದ ತಂಗಿ ಮನೆಯಲ್ಲಿ ಅದೇ ಆ್ಯಪ್ ತೆರೆದರೆ ಸಿಗುತ್ತದೆ. ಅಂಗಡಿಯನ್ನು ಸ್ವಲ್ಪ ದೊಡ್ಡದು ಮಾಡಿ ಎಲ್ಲವನ್ನೂ ಇಡಬಾರದೇ?

ಉತ್ತರ: ನಿಮ್ಮ ಆರ್ಡರ್ ಹೋಗುವುದು ನಿಮ್ಮ ಮನೆಗೆ ಹತ್ತಿರವಿರುವ ಒಂದು ಮಳಿಗೆಗೆ ಮಾತ್ರ. ಗಿರಾಕಿಗಳಿಗೆ ಬಾಗಿಲಿಲ್ಲದ ಇಂಥ ಮಳಿಗೆಯೇ ಡಾರ್ಕ್ ಸ್ಟೋರ್. ಸಾಮಾನ್ಯವಾಗಿ 2,500ರಿಂದ 4,000 ಚದರಡಿ ಜಾಗ, ಅದರಲ್ಲಿ ಕೆಲವು ಸಾವಿರ ಬಗೆಯ ಸಾಮಾನು.

ಮೊದಲು ಸಮಯ ನೋಡಿ. ಬೆಂಗಳೂರಿನ ರಸ್ತೆಯಲ್ಲಿ ಗಂಟೆಗೆ 15 ಕಿ.ಮೀ. ವೇಗ ಹಿಡಿದರೆ ಒಂದೂವರೆ ಕಿ.ಮೀ.ಗೆ ಆರು ನಿಮಿಷ ಬೇಕು. ಮೆಟ್ಟಿಲು, ಗೇಟು, ಲಿಫ್ಟಿಗೆ ಎರಡು ನಿಮಿಷ. ಸಾಮಾನು ಆಯ್ದು ಚೀಲಕ್ಕೆ ಹಾಕಲು ಉಳಿಯುವುದು ಎರಡೇ ನಿಮಿಷ. ಹಾಗಾಗಿ ಸಾಮಾನು ಆಯುವ ಪಿಕ್ಕರ್ ಹುಡುಕುತ್ತಾ ನಿಲ್ಲುವಂತಿಲ್ಲ. ಅವರ ಕೈಯ ಫೋನು ಯಾವ ರ‍್ಯಾಕ್, ಅದರ ಯಾವ ಖಾನೆ ಅಂದರೆ ಬಿನ್ ಎಂದು ನಡೆಯುವ ದಾರಿಯ ಕ್ರಮದಲ್ಲೇ ತೋರಿಸುತ್ತದೆ. ಬ್ರೆಡ್, ಮೊಟ್ಟೆಯಂಥ ಓಡುವ ಮಾಲು ಪ್ಯಾಕಿಂಗ್ ಮೇಜಿನ ಹತ್ತಿರ ಇರುತ್ತದೆ. ಐಸ್‌ಕ್ರೀಮ್ ತೆಗೆಯುವುದು ಕೊನೆಗೆ. ನೋಡಲು ಒಂದೇ ಥರವಿರುವ 100 ಗ್ರಾಂ, 200 ಗ್ರಾಂ ಪೊಟ್ಟಣಗಳನ್ನು ಬೇಕೆಂದೇ ದೂರ ದೂರ ಇಡುತ್ತಾರೆ. ಮಳಿಗೆ ಎರಡರಷ್ಟಾದರೆ ಈ ನಡಿಗೆಯೂ ಬೆಳೆಯುತ್ತದೆ.

ಆದರೆ ನಿಮ್ಮ ಶ್ಯಾವಿಗೆಯನ್ನು ಹೊರಗಿಟ್ಟದ್ದು ನಡಿಗೆಗಿಂತ ಹೆಚ್ಚಾಗಿ ಬಿನ್ನಿನ ಲೆಕ್ಕ. ಒಂದು ಪೆಟ್ಟಿಗೆಯಲ್ಲಿ 24 ಪೊಟ್ಟಣ ಬರುತ್ತದೆ, ನಿಮ್ಮ ಸುತ್ತಮುತ್ತ ತಿಂಗಳಿಗೆ ನಾಲ್ಕು ಹೋಗುತ್ತದೆ ಎಂದುಕೊಳ್ಳಿ. ಆ ಪೆಟ್ಟಿಗೆ ಖಾಲಿಯಾಗಲು ಆರು ತಿಂಗಳು ಬೇಕು, ಅಷ್ಟರಲ್ಲಿ ಅವಧಿಯೂ ಮುಗಿಯಬಹುದು. ಪಕ್ಕದ ಬಿನ್ನಿನ ಮೊಸರು ಬೆಳಿಗ್ಗೆ ತುಂಬಿ ರಾತ್ರಿಗೆ ಬರಿದಾಗುತ್ತದೆ. ದಿನಕ್ಕೆ 3 ಲಕ್ಷ ರೂಪಾಯಿ ಅಸಲಿನ ಮಾಲು ಹೋಗುವ ಮಳಿಗೆಯಲ್ಲಿ 24 ಲಕ್ಷದ ದಾಸ್ತಾನಿದ್ದರೆ ಅದು ಎಂಟು ದಿನದ್ದು, ಅಂದರೆ ವರ್ಷಕ್ಕೆ ಸುಮಾರು 45 ಬಾರಿ ತಿರುಗುವ ಮಾಲು. ನಿಧಾನದ ಸಾಮಾನು ಹೆಚ್ಚಿದಷ್ಟೂ ದುಡ್ಡು ನಿಂತುಬಿಡುತ್ತದೆ. ಊರಾಚೆಯ ದೊಡ್ಡ ಗೋದಾಮಿನಲ್ಲಿ ಪೆಟ್ಟಿಗೆ ಒಡೆದು ಆರಾರು ಪೊಟ್ಟಣ ಕಳಿಸುವುದು ಇದಕ್ಕೇ. ತಂಗಿಯ ಕಡೆ ಅದೇ ಶ್ಯಾವಿಗೆ ವಾರಕ್ಕೆ ಆರು ಹೋಗುತ್ತಿರಬೇಕು, ಅಲ್ಲಿ ಅದಕ್ಕೆ ಜಾಗ ಸಿಕ್ಕಿದೆ.

ಇನ್ನೊಂದು ತೊಂದರೆಯನ್ನೂ ನೀವು ಕಂಡಿರಬಹುದು: ಆರ್ಡರ್ ಆದ ಮೇಲೆ ಒಂದು ಸಾಮಾನಿನ ಹಣ ಮಾತ್ರ ವಾಪಸ್ ಬರುತ್ತದೆ. ಲೆಕ್ಕದಲ್ಲಿ ಎರಡಿದ್ದು ಬಿನ್ನಿನಲ್ಲಿ ಒಂದೂ ಇಲ್ಲದಾಗ ಆಗುವುದು ಹೀಗೆ. ಯಾರೋ ತಪ್ಪು ಬಿನ್ನಿಗೆ ಹಾಕಿರುತ್ತಾರೆ, ಇಲ್ಲವೇ ಒಡೆದದ್ದನ್ನು ಬರೆದಿರುವುದಿಲ್ಲ. ದಿನಕ್ಕೆ ಒಂದಷ್ಟು ಬಿನ್ ಎಣಿಸುತ್ತಾ ಹೋಗುವುದು ಬಿಟ್ಟರೆ ಇದಕ್ಕೆ ಸುಲಭದ ದಾರಿಯಿಲ್ಲ.

ನೀವು ಹೇಳಿದಂಥ ದೊಡ್ಡ ಮಳಿಗೆಗಳೂ ಈಚೆಗೆ ಬಂದಿವೆ. ಅವು ಹೆಚ್ಚು ಬಡಾವಣೆಗಳಿಗೆ ಕಳಿಸಿ ನಿಧಾನದ ಸಾಮಾನಿಗೂ ಸಾಕಷ್ಟು ಗಿರಾಕಿಗಳನ್ನು ಒಟ್ಟುಗೂಡಿಸುತ್ತವೆ. ಅಲ್ಲಿಂದ ಬರುವ ಶ್ಯಾವಿಗೆಗೆ ಮಾತ್ರ ನೀವು ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯಬೇಕು.